ಬ್ರ್ಯಾಂಡ್ ಮೌಲ್ಯಗಳು ಯಾವ ತೀರ್ಮಾನಕ್ಕೂ ಒದಗದಿದ್ದಾಗ: ದೋಷ ಪತ್ತೆ ಮತ್ತು ನಿವಾರಣೆ

ಸಂಸ್ಥೆಯೊಂದು ತನ್ನ ಮೌಲ್ಯಗಳೆಂದು ‘ಪ್ರಾಮಾಣಿಕತೆ, ಉತ್ಕೃಷ್ಟತೆ, ನಾವೀನ್ಯ, ಗ್ರಾಹಕರೇ ಮೊದಲು’ ಎಂದು ಬರೆದುಕೊಂಡಿದ್ದರೆ, ಆ ಪುಟವನ್ನು ಓದಿದವರಿಗೆ ಅದರಲ್ಲಿ ತಪ್ಪೇನೂ ಕಾಣಿಸುವುದಿಲ್ಲ. ತೀರ್ಮಾನವೊಂದು ಕಗ್ಗಂಟಾಗಿ, ಎರಡು ತಂಡಗಳು ಎದುರುಬದುರಾಗಿ ಕುಳಿತಾಗಲೇ ಅದರ ದೋಷ ಹೊರಬೀಳುತ್ತದೆ. ಆ ದೋಷವನ್ನು ಗುರುತಿಸುವುದು, ಅದರ ಕಾರಣವನ್ನು ಬೇರ್ಪಡಿಸುವುದು, ವಾಕ್ಯವನ್ನು ತಿದ್ದುವುದು ಮತ್ತು ತಿದ್ದಿದ್ದು ಸರಿಯಾಯಿತೇ ಎಂದು ಪರೀಕ್ಷಿಸುವುದು ಹೇಗೆಂಬುದನ್ನು ಇಲ್ಲಿ ಒಂದೇ ಪ್ರಕರಣವನ್ನು ಹಿಡಿದು ವಿವರಿಸಲಾಗಿದೆ.

ಲಕ್ಷಣಗಳು

ಅತ್ಯಂತ ಖಚಿತವಾದ ಲಕ್ಷಣವೆಂದರೆ, ವಾದಿಸುತ್ತಿರುವ ಎರಡೂ ಪಕ್ಷಗಳು ಒಂದೇ ಮೌಲ್ಯವನ್ನು ತಮ್ಮ ಪರವಾಗಿ ಉಲ್ಲೇಖಿಸುವುದು. ಒಬ್ಬರು ಪ್ರಾಮಾಣಿಕತೆಯ ಹೆಸರಿನಲ್ಲಿ ‘ಮಾಡೋಣ’ ಎನ್ನುತ್ತಾರೆ, ಇನ್ನೊಬ್ಬರು ಅದೇ ಹೆಸರಿನಲ್ಲಿ ‘ಬೇಡ’ ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಇನ್ನೊಂದು ಲಕ್ಷಣ ಇದಕ್ಕೆ ತದ್ವಿರುದ್ಧವಾಗಿದ್ದು, ಎಂತಹ ಬಿಕ್ಕಟ್ಟಿನ ಸಭೆಯಲ್ಲೂ ಮೌಲ್ಯಗಳ ಹೆಸರನ್ನೇ ಯಾರೂ ಎತ್ತುವುದಿಲ್ಲ. ಹೊಸಬರ ಪರಿಚಯ ಕಾರ್ಯಕ್ರಮದಲ್ಲಿ ತೋರಿಸುವ ಸ್ಲೈಡಿನ ಹೊರಗೆ ಅವುಗಳಿಗೆ ಜಾಗವಿರುವುದಿಲ್ಲ. ಸಂದರ್ಶನಗಳನ್ನು ಗಮನಿಸಿದರೂ ಇದು ತಿಳಿಯುತ್ತದೆ. ‘ನೀವು ಪ್ರಾಮಾಣಿಕರೇ?’ ಎಂಬ ಪ್ರಶ್ನೆಗೆ ಪ್ರತಿ ಅಭ್ಯರ್ಥಿಯೂ ಹೌದೆನ್ನುವುದರಿಂದ, ಆ ಪ್ರಶ್ನೆಯ ಆಧಾರದ ಮೇಲೆ ಯಾರನ್ನೂ ಆರಿಸಲಾಗಲಿ ತಿರಸ್ಕರಿಸಲಾಗಲಿ ಸಾಧ್ಯವಾಗುವುದಿಲ್ಲ.

ಗ್ರಾಹಕರ ಕಡೆಯಿಂದಲೂ ಒಂದು ಸೂಚನೆ ಸಿಗುತ್ತದೆ. ದೂರಿನ ಪತ್ರಗಳನ್ನು ತೆಗೆದು ನೋಡಿದಾಗ, ‘ನೀವು ಹೀಗೆ ಮಾಡುತ್ತೇವೆಂದು ಹೇಳಿದ್ದಿರಿ, ಮಾಡಲಿಲ್ಲ’ ಎಂದು ಸಂಸ್ಥೆಯ ಮಾತನ್ನೇ ಹಿಡಿದು ಕೇಳಿದ ಪತ್ರ ಒಂದೂ ಇಲ್ಲದಿದ್ದರೆ ಅದು ಸಂತೋಷಪಡುವ ಸಂಗತಿಯಲ್ಲ. ಹಿಡಿದು ಕೇಳಲು ಬರುವಂತಹ ಮಾತನ್ನೇ ಸಂಸ್ಥೆ ಆಡಿಲ್ಲದಿರುವ ಸಾಧ್ಯತೆ ಹೆಚ್ಚು.

ಮಾತಿನ ದೋಷವೋ, ನಡತೆಯ ದೋಷವೋ

ವಾಕ್ಯಗಳಿಗೆ ಕೈಹಾಕುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ನಡತೆಯ ದೋಷವನ್ನು ಬರವಣಿಗೆಯಿಂದ ಸರಿಪಡಿಸಲು ಹೊರಟವರು ತಿಂಗಳುಗಟ್ಟಲೆ ಕಾರ್ಯಾಗಾರಗಳನ್ನು ನಡೆಸಿ, ಕೊನೆಗೆ ಇನ್ನೂ ಚೆಂದದ ಪೋಸ್ಟರಿನೊಂದಿಗೆ ಅದೇ ಜಾಗದಲ್ಲಿ ನಿಂತಿರುತ್ತಾರೆ.

ಈ ವಿಷಯದಲ್ಲಿ ಎಲ್ಲರೂ ಎತ್ತುವ ಹೆಸರು ಅಮೆರಿಕದ ಇಂಧನ ಕಂಪನಿ ಎನ್ರಾನ್. ಆ ಸಂಸ್ಥೆ ತನ್ನ 2000ನೇ ಸಾಲಿನ ವಾರ್ಷಿಕ ವರದಿಯಲ್ಲಿ ಸಂವಹನ, ಗೌರವ, ಪ್ರಾಮಾಣಿಕತೆ, ಉತ್ಕೃಷ್ಟತೆ ಎಂಬ ನಾಲ್ಕು ಮೌಲ್ಯಗಳನ್ನು ಸಾರಿತ್ತು. 2001ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಮೌಲ್ಯಗಳ ಬರವಣಿಗೆಯೇ ವ್ಯರ್ಥ ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಹೇಳುವುದುಂಟು, ಆದರೆ ನನ್ನ ಅಭಿಪ್ರಾಯದಲ್ಲಿ ಆ ತೀರ್ಮಾನ ತುಸು ಅವಸರದ್ದು. ಅಲ್ಲಿ ಸಾಲವನ್ನು ಲೆಕ್ಕಪತ್ರದಿಂದ ಮರೆಮಾಡುತ್ತಿದ್ದವರಿಗೆ ತಾವು ಮಾಡುತ್ತಿರುವುದು ಏನೆಂದು ತಿಳಿಯದೆ ಇರಲಿಲ್ಲ. ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆಗಳನ್ನು ತೆರೆದ ಕಾರಣಕ್ಕೆ 2016ರಲ್ಲಿ 18.5 ಕೋಟಿ ಡಾಲರ್ ದಂಡಕ್ಕೆ ಗುರಿಯಾದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಮೌಲ್ಯಗಳನ್ನು ವಿವರಿಸುವ ಕಿರುಹೊತ್ತಿಗೆಯೇ ಇತ್ತು, ಆದರೆ ಸಿಬ್ಬಂದಿಯ ಕೆಲಸವನ್ನು ಅಳೆಯುತ್ತಿದ್ದದ್ದು ಮಾರಾಟದ ಗುರಿಗಳು. ಈ ಎರಡೂ ಕಡೆಗಳಲ್ಲಿ ವಾಕ್ಯಗಳನ್ನು ಎಷ್ಟು ನಿಖರವಾಗಿ ಬರೆದಿದ್ದರೂ ಅಷ್ಟರಿಂದಲೇ ಪರಿಹಾರ ಸಿಗುತ್ತಿರಲಿಲ್ಲ.

ಎರಡನ್ನೂ ಬೇರ್ಪಡಿಸುವ ವಿಧಾನ ಸರಳವಾಗಿದೆ. ಕಳೆದ ಒಂದು ವರ್ಷದಲ್ಲಿ ವಿವಾದಕ್ಕೀಡಾದ ನಾಲ್ಕೈದು ತೀರ್ಮಾನಗಳನ್ನು ಆರಿಸಿಕೊಂಡು, ಅವುಗಳಲ್ಲಿ ಭಾಗಿಯಾಗಿದ್ದವರನ್ನು ಒಬ್ಬೊಬ್ಬರನ್ನಾಗಿ ಕರೆದು, ‘ನೀವು ಏನು ಮಾಡಿದಿರಿ ಎಂಬುದು ಹಾಗಿರಲಿ, ನಮ್ಮ ಸಂಸ್ಥೆಯ ಪ್ರಕಾರ ಮಾಡಬೇಕಾಗಿದ್ದದ್ದು ಯಾವುದು?’ ಎಂದು ಕೇಳಬೇಕು. ಎಲ್ಲರ ಉತ್ತರವೂ ಒಂದೇ ಆಗಿದ್ದು, ನಡೆದದ್ದು ಮಾತ್ರ ಬೇರೆಯಾಗಿದ್ದರೆ, ಅದು ನಡತೆಯ ದೋಷ; ಆಗ ನೋಡಬೇಕಾದದ್ದು ಬಡ್ತಿ, ಬೋನಸ್ ಮತ್ತು ಗುರಿಗಳ ಕಡೆಗೆ. ಉತ್ತರಗಳೇ ಒಂದಕ್ಕೊಂದು ತಾಳೆಯಾಗದಿದ್ದರೆ ಅದು ಮಾತಿನ ದೋಷ, ಮುಂದಿನ ಹಂತಗಳು ಅದಕ್ಕೆ ಅನ್ವಯಿಸುತ್ತವೆ. ಕೆಲವೊಮ್ಮೆ ಎರಡೂ ಒಟ್ಟಿಗೇ ಇರುತ್ತವೆ. ಆಗ ಮಾತನ್ನು ಮೊದಲು ಸರಿಪಡಿಸುವುದು ಒಳ್ಳೆಯದು, ಏಕೆಂದರೆ ಏನನ್ನು ಮೀರಲಾಗಿದೆ ಎಂಬುದು ಸ್ಪಷ್ಟವಾಗದೆ ಮೀರಿದವರನ್ನು ಕೇಳಲು ಬರುವುದಿಲ್ಲ.

ಎರಡು ಚುರುಕು ತಪಾಸಣೆಗಳು

ಮೊದಲನೆಯದು ವಿರುದ್ಧಾರ್ಥದ ತಪಾಸಣೆ. ಮೌಲ್ಯದ ವಾಕ್ಯವನ್ನು ತಿರುಗಿಸಿ ಬರೆದು, ವಿವೇಕವುಳ್ಳ ಯಾವುದಾದರೂ ಪ್ರತಿಸ್ಪರ್ಧಿ ಅದನ್ನು ತನ್ನದೆಂದು ಒಪ್ಪಿಕೊಳ್ಳಬಹುದೇ ಎಂದು ನೋಡಬೇಕು. ‘ನಾವು ಅಪ್ರಾಮಾಣಿಕರು’ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಆದ್ದರಿಂದ ‘ನಾವು ಪ್ರಾಮಾಣಿಕರು’ ಎಂಬುದು ಸಂಸ್ಥೆಯನ್ನು ಯಾರಿಂದಲೂ ಬೇರ್ಪಡಿಸುವುದಿಲ್ಲ. ಅದೇ ‘ಹೊಸ ಸೌಲಭ್ಯವನ್ನು ವರ್ಷಕ್ಕೆ ಎರಡೇ ಬಾರಿ ಬಿಡುಗಡೆ ಮಾಡುತ್ತೇವೆ’ ಎಂಬುದಕ್ಕೆ ‘ಪ್ರತಿ ವಾರ ಬಿಡುಗಡೆ ಮಾಡುತ್ತೇವೆ’ ಎಂಬ ವಿರುದ್ಧ ನಿಲುವನ್ನು ಎಷ್ಟೋ ಒಳ್ಳೆಯ ಸಂಸ್ಥೆಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ, ಹಾಗಾಗಿ ಅದರಲ್ಲಿ ನಿಜವಾದ ಆಯ್ಕೆಯಿದೆ. ಈ ತಪಾಸಣೆಯಲ್ಲಿ ಸೋತ ಗುಣ ಅನಗತ್ಯವೆಂದು ಮಾತ್ರ ಭಾವಿಸಬಾರದು. ಪ್ರಾಮಾಣಿಕತೆ ಎಲ್ಲ ಸಂಸ್ಥೆಗಳಿಗೂ ಇರಬೇಕಾದ ಕನಿಷ್ಠ ಗುಣವಾಗಿದ್ದು, ನೌಕರರ ನಡಾವಳಿ ನಿಯಮಗಳಲ್ಲಿ ಅದಕ್ಕೆ ಜಾಗವಿದೆ. ಬ್ರ್ಯಾಂಡ್ ಮೌಲ್ಯಗಳ ಪಟ್ಟಿಯಲ್ಲಿ ಅದು ಬರಿಯ ಜಾಗ ತುಂಬುತ್ತದೆ.

ಎರಡನೆಯದು ಹೆಸರು ಮುಚ್ಚುವ ತಪಾಸಣೆ. ಸಂಸ್ಥೆಯ ಹೆಸರನ್ನೂ ಲೋಗೋವನ್ನೂ ಮರೆಮಾಡಿ, ಅದೇ ಉದ್ಯಮದ ಇನ್ನೆರಡು ಸಂಸ್ಥೆಗಳ ಮೌಲ್ಯಗಳೊಂದಿಗೆ ಕಲಸಿ, ಒಳಗಿನವರಿಗೇ ಕೊಟ್ಟು ಗುರುತಿಸಲು ಹೇಳಬೇಕು. ಇದರ ಫಲಿತಾಂಶವನ್ನು ಕಂಡು ಆಡಳಿತದವರು ಮೌನವಾಗುವುದೇ ಹೆಚ್ಚು.

ಈ ಎರಡೂ ತಪಾಸಣೆಗಳು ದೋಷವಿದೆ ಎಂಬುದನ್ನಷ್ಟೇ ತೋರಿಸುತ್ತವೆ. ದೋಷ ವಾಕ್ಯದ ಯಾವ ಭಾಗದಲ್ಲಿದೆ ಎಂಬುದಕ್ಕೆ ನಿಜವಾದ ವಿವಾದವೊಂದನ್ನು ಬಿಚ್ಚಿ ನೋಡಬೇಕಾಗುತ್ತದೆ.

ಒಂದು ಪ್ರಕರಣ

ಸಣ್ಣ ವ್ಯಾಪಾರಿಗಳಿಗೆ ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ಸಾಫ್ಟ್‌ವೇರ್ ಒದಗಿಸುವ ಒಂದು ಕಂಪನಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅದರ ಮೌಲ್ಯಗಳು ಆರಂಭದಲ್ಲಿ ಹೇಳಿದ ಆ ನಾಲ್ಕೇ. ಒಂದು ಶುಕ್ರವಾರ ಮಧ್ಯಾಹ್ನ ಅಲ್ಲಿನ ಪರೀಕ್ಷಕರೊಬ್ಬರಿಗೆ ದೋಷವೊಂದು ಕಾಣಿಸುತ್ತದೆ: ಒಂದೇ ಬಿಲ್ಲಿನಲ್ಲಿ ರಿಯಾಯಿತಿಯೂ ಮಾಲು ವಾಪಸಾತಿಯೂ ಇದ್ದರೆ, ತೆರಿಗೆಯನ್ನು ರಿಯಾಯಿತಿ ಕಳೆಯುವ ಮೊದಲಿನ ಮೊತ್ತದ ಮೇಲೆ ಲೆಕ್ಕ ಹಾಕಲಾಗುತ್ತಿದೆ. ಎಷ್ಟು ಗ್ರಾಹಕರ ಬಿಲ್ಲುಗಳು ಹೀಗಾಗಿವೆ ಎಂಬುದು ಗೊತ್ತಿಲ್ಲ. ಸರಿಪಡಿಸಲು ಮಂಗಳವಾರದವರೆಗೆ ಸಮಯ ಬೇಕು.

ಸಂಜೆಯ ಸಭೆಯಲ್ಲಿ ಸಪೋರ್ಟ್ ತಂಡದ ಮುಖ್ಯಸ್ಥರು ಹೇಳುತ್ತಾರೆ: ‘ಈಗಲೇ ತಿಳಿಸಬೇಕು. ಈ ಅಂಕಿಗಳನ್ನೇ ನಂಬಿ ಅವರು ತೆರಿಗೆ ಕಟ್ಟುತ್ತಾರೆ. ಗೊತ್ತಿದ್ದೂ ಸುಮ್ಮನಿರುವುದು ಪ್ರಾಮಾಣಿಕತೆಯೇ?’ ಮಾರಾಟ ತಂಡದ ಮುಖ್ಯಸ್ಥರು ಉತ್ತರಿಸುತ್ತಾರೆ: ‘ಯಾರಿಗೆ ತೊಂದರೆಯಾಗಿದೆ ಎಂದೇ ತಿಳಿಯದೆ ಎಲ್ಲರಿಗೂ ಪತ್ರ ಬರೆದರೆ ಅದು ಅರ್ಧ ಸತ್ಯ. ಪೂರ್ತಿ ತಿಳಿದುಕೊಂಡು ಹೇಳುವುದೇ ಪ್ರಾಮಾಣಿಕತೆ.’ ಉತ್ಪನ್ನ ತಂಡದವರು ಉತ್ಕೃಷ್ಟತೆಯನ್ನು ಎಳೆದುತಂದು, ಪರಿಹಾರವಿಲ್ಲದ ಅರೆಬೆಂದ ಪತ್ರ ತಮ್ಮ ಮಟ್ಟಕ್ಕೆ ತಕ್ಕದ್ದಲ್ಲ ಎನ್ನುತ್ತಾರೆ. ನಿರ್ದೇಶಕರು ಸೋಮವಾರ ನೋಡೋಣವೆಂದು ಸಭೆ ಮುಗಿಸುತ್ತಾರೆ. ಆ ಶನಿವಾರ ಮತ್ತು ಭಾನುವಾರ ತಪ್ಪು ಬಿಲ್ಲುಗಳು ಮುದ್ರಣವಾಗುತ್ತಲೇ ಇರುತ್ತವೆ.

ಈ ಸಭೆಯಲ್ಲಿ ಕಪಟಿಗಳು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿದ್ದ ಘರ್ಷಣೆ ಎರಡು ಒಳ್ಳೆಯ ಸಂಗತಿಗಳ ನಡುವಿನದು: ಬೇಗ ಹೇಳುವುದು ಒಂದು ಕಡೆ, ಖಚಿತವಾಗಿ ಹೇಳುವುದು ಇನ್ನೊಂದು ಕಡೆ. ಒಳಿತು ಮತ್ತು ಕೆಡುಕಿನ ನಡುವೆ ಆರಿಸಬೇಕಾದಾಗ ಯಾರಿಗೂ ಮೌಲ್ಯಪತ್ರದ ಅಗತ್ಯ ಬೀಳುವುದಿಲ್ಲ. ಎರಡು ಒಳಿತುಗಳಲ್ಲಿ ಒಂದನ್ನು ಬಿಡಬೇಕಾದಾಗ ಮಾತ್ರ ಬೀಳುತ್ತದೆ. ‘ಪ್ರಾಮಾಣಿಕತೆ’ ಎಂಬ ಪದ ಯಾವ ಒಳಿತನ್ನು ಬಿಡಬೇಕೆಂದು ಹೇಳುವುದಿಲ್ಲ, ಮೂಲ ದೋಷ ಇಲ್ಲಿದೆ.

ತಿದ್ದುವಿಕೆ

ಹೊಸ ವಾಕ್ಯವನ್ನು ಖಾಲಿ ಹಾಳೆಯಿಂದ ಆರಂಭಿಸುವುದು ತಪ್ಪು ದಾರಿ. ಕಾರ್ಯಾಗಾರದಲ್ಲಿ ಬಣ್ಣದ ಚೀಟಿಗಳ ಮೇಲೆ ‘ನಾವು ಯಾರು?’ ಎಂದು ಬರೆಯಲು ಕೊಟ್ಟರೆ, ಕೊನೆಯಲ್ಲಿ ಗೋಡೆಯ ಮೇಲೆ ಉಳಿಯುವುದು ಯಾರಿಗೂ ಆಕ್ಷೇಪವಿಲ್ಲದ ಪದಗಳೇ, ಅಂದರೆ ಮತ್ತೆ ಪ್ರಾಮಾಣಿಕತೆ ಮತ್ತು ಉತ್ಕೃಷ್ಟತೆ. ಅದರ ಬದಲು, ಸಂಸ್ಥೆ ಹಿಂದೆ ಏನನ್ನಾದರೂ ಕಳೆದುಕೊಂಡು ತೆಗೆದುಕೊಂಡ ತೀರ್ಮಾನಗಳನ್ನು ಹುಡುಕಬೇಕು. ನಿರಾಕರಿಸಿದ ದೊಡ್ಡ ಆರ್ಡರು, ಮುಂದೂಡಿದ ಬಿಡುಗಡೆ, ವಾದಿಸದೆ ಕೊಟ್ಟ ರಿಫಂಡು, ಕೈಬಿಟ್ಟ ಗ್ರಾಹಕ ಇತ್ಯಾದಿಗಳು ಸಪೋರ್ಟ್ ಟಿಕೆಟ್‌ಗಳಲ್ಲಿ, ಇಮೇಲ್‌ಗಳಲ್ಲಿ, ಹಳಬರ ನೆನಪಿನಲ್ಲಿ ಸಿಗುತ್ತವೆ. ಸುಮಾರು ಹತ್ತು ಪ್ರಕರಣಗಳು ಸಾಕು. ಪ್ರತಿಯೊಂದನ್ನೂ ಅರ್ಧ ಪುಟದಲ್ಲಿ, ಯಾರು ಗೆದ್ದರೆಂಬುದನ್ನು ಬಿಟ್ಟು, ಏನು ಸಂಭವಿಸಿತು ಮತ್ತು ಎದುರಿಗಿದ್ದ ಎರಡು ದಾರಿಗಳು ಯಾವುವು ಎಂಬುದನ್ನಷ್ಟೇ ಬರೆದಿಡಬೇಕು.

ನಮ್ಮ ಬಿಲ್ಲಿಂಗ್ ಕಂಪನಿ ಹೀಗೆ ಹುಡುಕಿದಾಗ, ಹಿಂದಿನ ಹತ್ತು ಪ್ರಕರಣಗಳ ಪೈಕಿ ಹೆಚ್ಚಿನವುಗಳಲ್ಲಿ ತಾನು ಕೊನೆಗೆ ಬೇಗ ಹೇಳುವ ದಾರಿಯನ್ನೇ ಹಿಡಿದಿತ್ತು ಎಂಬುದು ತಿಳಿಯುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ಕರಡು ಹೀಗಿರುತ್ತದೆ: ‘ನಮ್ಮ ತಪ್ಪುಗಳ ಬಗ್ಗೆ ನಾವು ಸದಾ ಮುಕ್ತವಾಗಿರುತ್ತೇವೆ.’ ಕೇಳಲು ಇಂಪಾಗಿದೆ, ಆದರೆ ಆ ಶುಕ್ರವಾರದ ಸಭೆಗೆ ಇದನ್ನು ಕೊಂಡೊಯ್ದರೆ ಮೂವರೂ ತಮ್ಮ ಪಟ್ಟನ್ನು ಸಡಿಲಿಸಬೇಕಾಗಿಲ್ಲ. ಮಂಗಳವಾರ ಹೇಳುವವರೂ ಮುಕ್ತರೇ.

ವಾಕ್ಯ ತೀರ್ಮಾನ ಹೇಳಬೇಕಾದರೆ ಅದರಲ್ಲಿ ಸಂದರ್ಭ ಯಾವುದು, ಆಗ ಮಾಡುವ ಕೆಲಸ ಯಾವುದು, ಅದಕ್ಕಾಗಿ ಬಿಟ್ಟುಕೊಡುವ ಒಳಿತು ಯಾವುದು ಎಂಬ ಮೂರೂ ಕಾಣಬೇಕು. ಮೂರನೆಯದನ್ನೇ ಜನ ಮರೆಯುವುದು. 2001ರಲ್ಲಿ ಹದಿನೇಳು ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಬರೆದ ಅಜೈಲ್ ಪ್ರಣಾಳಿಕೆ ಇದಕ್ಕೆ ಒಳ್ಳೆಯ ಮಾದರಿ. ‘ಸಮಗ್ರ ದಾಖಲೆಗಳಿಗಿಂತ ಕೆಲಸ ಮಾಡುವ ಸಾಫ್ಟ್‌ವೇರ್’ ಎಂಬಂತಹ ನಾಲ್ಕು ಸಾಲುಗಳನ್ನು ಬರೆದು, ಹಿಂದಕ್ಕೆ ಸರಿಸಿದ ಸಂಗತಿಗಳಿಗೂ ಬೆಲೆಯಿದೆ ಎಂದು ಅವರು ಕೊನೆಯಲ್ಲಿ ಸ್ಪಷ್ಟಪಡಿಸಿದರು. ದಾಖಲೆಗಳು ಕೆಟ್ಟವೆಂದು ಅವರು ಹೇಳಲಿಲ್ಲ, ಎರಡರಲ್ಲಿ ಒಂದು ಸೋಲಬೇಕಾದಾಗ ಯಾವುದು ಸೋಲುತ್ತದೆ ಎಂದು ಹೇಳಿದರು.

ಎರಡನೆಯ ಕರಡು ಈ ಮೂರನ್ನೂ ಒಳಗೊಳ್ಳುತ್ತದೆ:

> ನಮ್ಮ ತಪ್ಪಿನಿಂದ ಗ್ರಾಹಕರ ಲೆಕ್ಕ ಕೆಟ್ಟಿದೆ ಎಂದು ಗೊತ್ತಾದ ಒಂದು ದಿನದೊಳಗೆ, ಪರಿಹಾರ ಸಿದ್ಧವಾಗಿರಲಿ ಬಿಡಲಿ, ಅವರಿಗೆ ತಿಳಿಸುತ್ತೇವೆ. ನಮ್ಮ ಮಾಹಿತಿ ಆಗ ಅಪೂರ್ಣವಾಗಿದ್ದರೂ ಸರಿಯೇ.

ಇಬ್ಬರು ಓದುಗರ ಪರೀಕ್ಷೆ

ಪರೀಕ್ಷಿಸಲು ಬರುವ ವಾಕ್ಯವೆಂದು ಬಾಯಲ್ಲಿ ಹೇಳಿದರೆ ಸಾಲದು, ಅದನ್ನು ನಿಜಕ್ಕೂ ಪರೀಕ್ಷೆಗೆ ಒಡ್ಡಬೇಕು. ಕರಡು ಬರೆಯುವಾಗ ಹಾಜರಿಲ್ಲದ ಇಬ್ಬರನ್ನು, ಸಾಧ್ಯವಾದರೆ ಬೇರೆ ಬೇರೆ ತಂಡದವರನ್ನು ಕೂರಿಸಿ, ಆ ಹತ್ತು ಪ್ರಕರಣಗಳ ಹಾಳೆಗಳನ್ನು ಕೊಟ್ಟು, ಪರಸ್ಪರ ಮಾತಾಡದೆ ಪ್ರತಿಯೊಂದರ ಎದುರಿಗೂ ‘ಪಾಲನೆ’, ‘ಉಲ್ಲಂಘನೆ’ ಅಥವಾ ‘ಅನ್ವಯಿಸದು’ ಎಂದು ಬರೆಯಲು ಹೇಳಬೇಕು. ಬಳಿಕ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಎಷ್ಟು ಹೊಂದಿಕೆಯಾದರೆ ಸಾಕು ಎಂಬ ಪ್ರಶ್ನೆಗೆ ಒಂದು ಎಚ್ಚರಿಕೆ ಅಗತ್ಯ. ಎರಡೇ ಉತ್ತರಗಳಿರುವ ಕಡೆ, ಇಬ್ಬರೂ ನಾಣ್ಯ ಚಿಮ್ಮಿ ಬರೆದರೂ ಸರಾಸರಿ ಅರ್ಧದಷ್ಟು ಪ್ರಕರಣಗಳಲ್ಲಿ ಉತ್ತರ ಕೂಡಿಬರುತ್ತದೆ. ಆದ್ದರಿಂದ ಹತ್ತರಲ್ಲಿ ಆರು ಹೊಂದಿದವೆಂದರೆ ವಾಕ್ಯ ಏನನ್ನೂ ಹೇಳುತ್ತಿಲ್ಲವೆಂದೇ ತಿಳಿಯಬೇಕು. ನಾನು ಒಂಬತ್ತನ್ನು ಕೇಳುತ್ತೇನೆ. ಹೊಂದಿಕೆ ಚೆನ್ನಾಗಿದ್ದರೂ ಹೆಚ್ಚಿನ ಉತ್ತರಗಳು ‘ಅನ್ವಯಿಸದು’ ಎಂದೇ ಇದ್ದರೆ, ವಾಕ್ಯ ಅತಿಯಾಗಿ ಕಿರಿದಾಗಿದ್ದು ಒಂದೇ ಘಟನೆಯ ಸುತ್ತ ಹೆಣೆದ ನಿಯಮವಾಗಿದೆ ಎಂದರ್ಥ. ಎಲ್ಲವೂ ‘ಪಾಲನೆ’ಯೇ ಆಗಿದ್ದರೆ, ಯಾರನ್ನೂ ತಡೆಯದ ಬೇಲಿಯನ್ನು ಹಾಕಿದಂತಾಗಿದೆ.

ನಮ್ಮ ಉದಾಹರಣೆಯಲ್ಲಿ ನಾಲ್ಕು ಪ್ರಕರಣಗಳಲ್ಲಿ ಇಬ್ಬರೂ ಬೇರೆಯಾದರು ಎನ್ನೋಣ. ಈ ನಾಲ್ಕೇ ಅತ್ಯಂತ ಉಪಯುಕ್ತ, ಏಕೆಂದರೆ ವಾಕ್ಯ ಎಲ್ಲಿ ಸೋರುತ್ತಿದೆ ಎಂಬುದನ್ನು ಅವು ಪದದ ಮಟ್ಟದಲ್ಲಿ ತೋರಿಸುತ್ತವೆ. ಎರಡರಲ್ಲಿ ತಕರಾರು ‘ಗೊತ್ತಾದ’ ಎಂಬ ಪದದ ಮೇಲೆ: ಒಬ್ಬ ಪರೀಕ್ಷಕರಿಗೆ ಅನುಮಾನ ಬಂದ ಗಳಿಗೆಯೋ, ಅನುಮಾನ ದೃಢಪಟ್ಟ ಗಳಿಗೆಯೋ? ಇನ್ನೊಂದರಲ್ಲಿ ‘ಅವರಿಗೆ’ ಎಂದರೆ ಲೆಕ್ಕ ಕೆಟ್ಟಿರುವುದು ಖಚಿತವಾದವರಿಗೋ, ಕೆಟ್ಟಿರಬಹುದಾದ ಎಲ್ಲರಿಗೋ ಎಂಬುದು ತಿಳಿಯಲಿಲ್ಲ. ನಾಲ್ಕನೆಯದು ಭದ್ರತಾ ಲೋಪದ ಪ್ರಕರಣ. ಅದನ್ನು ಸರಿಪಡಿಸುವ ಮೊದಲೇ ಬಹಿರಂಗಪಡಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಒಬ್ಬ ಓದುಗರು ವಾಕ್ಯವನ್ನು ಅಕ್ಷರಶಃ ಹಿಡಿದು ‘ಉಲ್ಲಂಘನೆ’ ಎಂದರು, ಇನ್ನೊಬ್ಬರು ವಿವೇಕ ಬಳಸಿ ‘ಅನ್ವಯಿಸದು’ ಎಂದರು. ಇಬ್ಬರದೂ ತಪ್ಪಲ್ಲ, ವಾಕ್ಯ ತನ್ನ ಎಲ್ಲೆಯನ್ನು ಹೇಳಿರಲಿಲ್ಲ.

ಮೂರನೆಯ ಕರಡು:

> ಪರಿಹಾರಕ್ಕಿಂತ ಮೊದಲು ಸುದ್ದಿ. ನಮ್ಮ ತಪ್ಪಿನಿಂದ ಗ್ರಾಹಕರ ಅಂಕಿಗಳು ಬದಲಾಗುತ್ತಿವೆ ಎಂದು ನಮ್ಮಲ್ಲಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ ದೃಢಪಡಿಸಿದ 24 ಗಂಟೆಗಳೊಳಗೆ, ಕಾರಣವಾಗಲಿ ಪರಿಹಾರವಾಗಲಿ ತಿಳಿದಿರದಿದ್ದರೂ, ತೊಂದರೆಗೆ ಒಳಗಾಗಿರಬಹುದಾದ ಪ್ರತಿಯೊಬ್ಬ ಗ್ರಾಹಕರಿಗೂ ತಿಳಿಸುತ್ತೇವೆ. ಇದರಿಂದ ಕೆಲವರಿಗೆ ಅನಗತ್ಯವಾಗಿ ಗಾಬರಿಯಾಗಬಹುದು ಎಂಬುದನ್ನು ಒಪ್ಪಿಕೊಂಡಿದ್ದೇವೆ. ಹೇಳಿದ್ದರಿಂದಲೇ ಗ್ರಾಹಕರ ಮಾಹಿತಿ ಕಳುವಾಗಬಹುದಾದ ಭದ್ರತಾ ಲೋಪಗಳನ್ನು ಮಾತ್ರ ಸರಿಪಡಿಸಿದ ಮೇಲೆ ತಿಳಿಸುತ್ತೇವೆ.

ಈಗ ಆ ಶುಕ್ರವಾರಕ್ಕೆ ಹಿಂತಿರುಗಿದರೆ ತೀರ್ಮಾನಕ್ಕೆ ನಿರ್ದೇಶಕರು ಬೇಕಾಗಿಲ್ಲ. ಎರಡನೆಯ ಪರೀಕ್ಷಕರು ಅದೇ ದೋಷವನ್ನು ಸಂಜೆ ಆರಕ್ಕೆ ದೃಢಪಡಿಸಿದ್ದರೆ, ಶನಿವಾರ ಸಂಜೆ ಆರರೊಳಗೆ ಪತ್ರ ಹೋಗಬೇಕು. ಹೋಗಿತ್ತೋ ಇಲ್ಲವೋ ಎಂಬುದನ್ನು ಎರಡು ಸಮಯಗಳನ್ನು ಹೋಲಿಸಿ ಯಾರು ಬೇಕಾದರೂ ಹೇಳಬಹುದು, ಅದಕ್ಕೆ ಒಳಗಿನವರ ಮನಸ್ಸನ್ನು ಓದಬೇಕಾಗಿಲ್ಲ. ಆದರೆ ಆ ಎರಡು ಸಮಯಗಳು ದಾಖಲಾಗಿರಬೇಕು. ಟಿಕೆಟ್‌ನಲ್ಲಿ ‘ದೃಢಪಟ್ಟ ಸಮಯ’ ಎಂಬ ಒಂದು ಅಂಕಣ ಇಲ್ಲದಿದ್ದರೆ, ಇಷ್ಟು ಎಚ್ಚರದಿಂದ ಬರೆದ ವಾಕ್ಯವೂ ಪರೀಕ್ಷೆಗೆ ಸಿಗದೆ ಜಾರಿಕೊಳ್ಳುತ್ತದೆ.

ಇದು ಮೌಲ್ಯವಲ್ಲ, ಬರೀ ನಿಯಮ ಎಂಬ ಆಕ್ಷೇಪ ಇಲ್ಲಿ ತಪ್ಪದೆ ಬರುತ್ತದೆ, ಮತ್ತು ಅದರಲ್ಲಿ ಹುರುಳಿದೆ. ಕರಡಿನ ಆರಂಭದ ಮೂರು ಪದಗಳನ್ನು ಬೇರೆಯಾಗಿ ಇಟ್ಟಿರುವುದು ಅದಕ್ಕಾಗಿಯೇ. ಅವುಗಳ ನಂತರದ ವಾಕ್ಯಗಳು ಲೆಕ್ಕದ ಅಂಕಿಗಳಿಗೆ ಸೀಮಿತವಾಗಿವೆ. ಆದರೆ ‘ಪರಿಹಾರಕ್ಕಿಂತ ಮೊದಲು ಸುದ್ದಿ’ ಎಂಬುದು ಸರ್ವರ್ ಸ್ಥಗಿತವಾದಾಗ, ಬೆಲೆ ಏರಿಸಲು ನಿರ್ಧರಿಸಿದಾಗ, ಸೌಲಭ್ಯವೊಂದನ್ನು ಹಿಂತೆಗೆದುಕೊಳ್ಳುವಾಗ ಕೂಡ ಯಾವ ಕಡೆಗೆ ವಾಲಬೇಕೆಂದು ಹೇಳುತ್ತದೆ. ಹೆಸರು ಹೊಸ ಸಂದರ್ಭಗಳಿಗೆ ದಾರಿ ತೋರಿಸುತ್ತದೆ, ವಾಕ್ಯ ಆ ಹೆಸರನ್ನು ಬೇಕಾದಂತೆ ಹಿಗ್ಗಿಸದಂತೆ ಹಿಡಿದಿಡುತ್ತದೆ. ಹೆಸರಷ್ಟೇ ಇದ್ದರೆ ಹಳೆಯ ದೋಷ ಮರುಕಳಿಸುತ್ತದೆ. ವಾಕ್ಯವಷ್ಟೇ ಇದ್ದರೆ ಊಹಿಸದ ಪ್ರಕರಣ ಬಂದಾಗ ಎಲ್ಲರೂ ಕೈಚೆಲ್ಲುತ್ತಾರೆ.

ನಿಖರತೆ ಎಂದರೆ ಸಮಯದ ಗಡುವೇ ಆಗಬೇಕೆಂದಿಲ್ಲ. ರಿಟ್ಜ್ ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯ ತೊಂದರೆಯನ್ನು ಬಗೆಹರಿಸಲು ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ಪ್ರತಿ ಅತಿಥಿಗೆ 2,000 ಡಾಲರ್‌ವರೆಗೆ ಖರ್ಚು ಮಾಡುವ ಅಧಿಕಾರವನ್ನು ಸಿಬ್ಬಂದಿಗೆ ಕೊಟ್ಟಿರುವುದು ಪ್ರಸಿದ್ಧವಾಗಿದೆ. ‘ನಮ್ಮ ಸಿಬ್ಬಂದಿಯನ್ನು ನಂಬುತ್ತೇವೆ’ ಎಂಬ ಮಾತಿಗೆ ಅಲ್ಲಿ ಒಂದು ಮೊತ್ತವಿದೆ. ಆ ಮೊತ್ತವನ್ನು ಖರ್ಚು ಮಾಡಿದ ಸಿಬ್ಬಂದಿಯನ್ನು ಯಾರಾದರೂ ಗದರಿಸಿದರೆ, ಮಾತು ಮುರಿದದ್ದು ಯಾರೆಂಬುದು ಆ ಕ್ಷಣವೇ ಗೊತ್ತಾಗುತ್ತದೆ.

ಉಳಿದ ಮೂರು

ಪಟ್ಟಿಯ ಉಳಿದ ಪದಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ, ಆದರೆ ಎಲ್ಲವನ್ನೂ ಉಳಿಸಿಕೊಳ್ಳಲೇಬೇಕೆಂಬ ಹಠ ಬೇಡ. ಬಿಲ್ಲಿಂಗ್ ಕಂಪನಿಯಲ್ಲಿ ‘ಉತ್ಕೃಷ್ಟತೆ’ಯ ಹಿಂದೆ ನಿಜವಾದ ಅಭ್ಯಾಸವೊಂದಿತ್ತು: ಗ್ರಾಹಕರು ವರ್ಷಾಂತ್ಯದ ಲೆಕ್ಕ ಮುಗಿಸುವ ವಾರಗಳಲ್ಲಿ, ಮಾರಾಟ ತಂಡ ಎಷ್ಟು ಒತ್ತಾಯಿಸಿದರೂ, ಹೊಸ ಸೌಲಭ್ಯ ಬಿಡುಗಡೆಯಾಗುತ್ತಿರಲಿಲ್ಲ. ಅದನ್ನೇ ಬರೆದರೆ ಸಾಕು, ಉತ್ಕೃಷ್ಟತೆ ಎಂಬ ಪದದ ಅಗತ್ಯ ಉಳಿಯುವುದಿಲ್ಲ. ‘ನಾವೀನ್ಯ’ದ ಹಿಂದೆ ಏನನ್ನಾದರೂ ಕಳೆದುಕೊಂಡು ತೆಗೆದುಕೊಂಡ ಒಂದೇ ಒಂದು ತೀರ್ಮಾನವೂ ಸಿಗಲಿಲ್ಲ, ಅದನ್ನು ಅಳಿಸಬೇಕು. ಮುಂದೆ ಹಾಗಾಗಬೇಕೆಂಬ ಆಸೆಯಿದ್ದರೆ ಅದು ಯೋಜನೆಯ ಭಾಗವಾಗಲಿ. ಇಂದು ಇಲ್ಲದ ಗುಣವನ್ನು ಇದೆಯೆಂದು ಬರೆದರೆ, ಅದನ್ನು ಮೊದಲು ಗುರುತಿಸುವವರು ಒಳಗಿನ ನೌಕರರೇ, ಮತ್ತು ಪಟ್ಟಿಯ ಉಳಿದ ಸಾಲುಗಳನ್ನೂ ಅವರು ಅದೇ ಅನುಮಾನದಿಂದ ಓದತೊಡಗುತ್ತಾರೆ.

‘ಗ್ರಾಹಕರೇ ಮೊದಲು’ ಎಂಬುದು ಸ್ವಲ್ಪ ಭಿನ್ನ. ಅದರಲ್ಲಿ ಕ್ರಮದ ಸೂಚನೆಯಿದೆ, ಯಾರ ನಂತರ ಯಾರು ಎಂಬುದು ಮಾತ್ರ ಇಲ್ಲ. ಸಪೋರ್ಟ್ ಸಿಬ್ಬಂದಿಯನ್ನು ಫೋನಿನಲ್ಲಿ ಬೈಯುವ ಗ್ರಾಹಕರ ವಿಷಯದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ಎದ್ದ ಕೂಡಲೇ ಆ ಕೊರತೆ ಕಾಣುತ್ತದೆ. ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯ ‘ಕ್ರೆಡೋ’ ಎಂಬ ಹೇಳಿಕೆ, 1943ರಲ್ಲಿ ಬರೆದದ್ದು, ಈ ಕ್ರಮವನ್ನು ಪೂರ್ತಿಯಾಗಿ ಹೇಳುತ್ತದೆ: ಮೊದಲು ಉತ್ಪನ್ನ ಬಳಸುವವರು, ನಂತರ ನೌಕರರು, ನಂತರ ಸಮುದಾಯ, ಕೊನೆಯಲ್ಲಿ ಷೇರುದಾರರು. 1982ರಲ್ಲಿ ಷಿಕಾಗೋ ಪ್ರದೇಶದಲ್ಲಿ ಯಾರೋ ಆ ಸಂಸ್ಥೆಯ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಿಗೆ ಸಯನೈಡ್ ಬೆರೆಸಿ ಏಳು ಮಂದಿ ಸತ್ತಾಗ, ಸಂಸ್ಥೆ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂತೆಗೆದುಕೊಂಡಿತು. ಅದರ ಮುಖ್ಯಸ್ಥರು ಆ ತೀರ್ಮಾನವನ್ನು ಕ್ರೆಡೋದ ಜೊತೆ ಜೋಡಿಸಿ ಮಾತನಾಡಿದರು. ಕ್ರಮವನ್ನು ಬರೆದ ಸಂಸ್ಥೆ ಎಂದೂ ತಪ್ಪು ಮಾಡದೆಂದು ಇದರ ಅರ್ಥವಲ್ಲ. ಷೇರುದಾರರು ಕೊನೆಯವರೆಂದು ಮೊದಲೇ ಬರೆದಿದ್ದದ್ದರಿಂದ, ನಷ್ಟವನ್ನು ಯಾರು ಹೊರಬೇಕೆಂಬ ಚರ್ಚೆಗೆ ಅಂದು ಒಂದು ಆರಂಭಬಿಂದು ಇತ್ತು.

ದೋಷ ಮರುಕಳಿಸುವ ಬಗೆ

ತಿದ್ದಿದ ವಾಕ್ಯ ಸಾಮಾನ್ಯವಾಗಿ ಮತ್ತೆ ಕೆಡುವುದು ಅನುಮೋದನೆಯ ಹಂತದಲ್ಲಿ. ಕಾನೂನು ವಿಭಾಗದವರು ‘24 ಗಂಟೆ’ ಎಂಬುದನ್ನು ನೋಡಿ, ಬಹಿರಂಗವಾಗಿ ಕೊಟ್ಟ ಮಾತನ್ನು ಉಳಿಸಿಕೊಳ್ಳದಿದ್ದರೆ ಹೊಣೆ ಬರುತ್ತದೆಂದು ಸಹಜವಾಗಿಯೇ ಹೆದರುತ್ತಾರೆ. ಅವರ ಕೈಯಿಂದ ವಾಪಸು ಬರುವ ಪ್ರತಿಯಲ್ಲಿ ‘ಸಾಧ್ಯವಾದಷ್ಟು ಬೇಗ ತಿಳಿಸಲು ಪ್ರಯತ್ನಿಸುತ್ತೇವೆ’ ಎಂದಿರುತ್ತದೆ. ‘ಸಾಧ್ಯವಾದಷ್ಟು’, ‘ಪ್ರಯತ್ನಿಸುತ್ತೇವೆ’ ಎಂಬ ಈ ಎರಡು ಪದಗಳು ಸೇರಿದ ಪ್ರತಿಯನ್ನು ಇಬ್ಬರು ಓದುಗರಿಗೆ ಕೊಟ್ಟು ನೋಡಿದರೆ, ಹತ್ತೂ ಪ್ರಕರಣಗಳಲ್ಲಿ ‘ಪಾಲನೆ’ ಎಂಬ ಉತ್ತರ ಬರುತ್ತದೆ. ಇದಕ್ಕೆ ಹೊಂದಾಣಿಕೆಯ ದಾರಿ ಇದೆ: ಸಂಖ್ಯೆಯನ್ನು ಒಳಗಿನ ಪ್ರತಿಯಲ್ಲಿ ಉಳಿಸಿಕೊಂಡು, ಹೊರಗಿನ ಪ್ರತಿಯಲ್ಲಿ ‘ಪರಿಹಾರ ಸಿಗುವವರೆಗೆ ಕಾಯದೆ ತಿಳಿಸುತ್ತೇವೆ’ ಎಂದು ಬರೆಯಬಹುದು. ಸಂಖ್ಯೆ ಹೋದರೂ ಆಯ್ಕೆ ಉಳಿಯುತ್ತದೆ. ‘ತಿಳಿಸುತ್ತೇವೆ’ ಎಂಬ ಕ್ರಿಯಾಪದವನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬಾರದು.

ಇನ್ನೊಂದು ಬಗೆ ನಿಧಾನವಾಗಿ ಬರುತ್ತದೆ. ಗಡುವನ್ನು ತಂಡದ ಸಾಧನೆಯ ಅಳತೆಗೋಲಾಗಿ ಮಾಡಿದರೆ, ‘ದೃಢಪಟ್ಟ ಸಮಯ’ ತಡವಾಗಿ ದಾಖಲಾಗಲು ಶುರುವಾಗುತ್ತದೆ. ಎರಡನೆಯ ಪರೀಕ್ಷಕರು ಸೋಮವಾರದವರೆಗೆ ಸಿಗುವುದೇ ಇಲ್ಲ. ಮೊದಲ ಅನುಮಾನಕ್ಕೂ ದೃಢೀಕರಣಕ್ಕೂ ನಡುವಿನ ಅಂತರವನ್ನು ಆಗಾಗ ನೋಡುತ್ತಿದ್ದರೆ ಇದು ಪತ್ತೆಯಾಗುತ್ತದೆ. ವಾಕ್ಯ ಜಾರಿಗೆ ಬಂದ ಮೇಲೆ ಆ ಅಂತರ ಹಿಗ್ಗಿದ್ದರೆ, ಗಡುವನ್ನು ಬೋನಸ್ಸಿನ ಲೆಕ್ಕದಿಂದ ತೆಗೆಯಬೇಕೇ ಹೊರತು ವಾಕ್ಯವನ್ನು ಇನ್ನಷ್ಟು ಬಿಗಿಗೊಳಿಸಬಾರದು.

ವರ್ಷಕ್ಕೊಮ್ಮೆ, ಆ ವರ್ಷದ ಹೊಸ ಪ್ರಕರಣಗಳನ್ನು ತೆಗೆದುಕೊಂಡು, ಹೊಸ ಇಬ್ಬರು ಓದುಗರೊಂದಿಗೆ ಪರೀಕ್ಷೆಯನ್ನು ಪುನಃ ನಡೆಸಬೇಕು. ಆಗ ಕೆಲವು ವಾಕ್ಯಗಳ ಮುಂದೆ ಒಂದೂ ವಿವಾದ ದಾಖಲಾಗಿರುವುದಿಲ್ಲ. ಅಂತಹ ವಾಕ್ಯ ರೂಢಿಯಲ್ಲಿ ಪೂರ್ತಿ ಬೆರೆತುಹೋಗಿರಬಹುದು, ಅಥವಾ ಯಾರೂ ಅದನ್ನು ನೆನೆಯದೆ ಇದ್ದಿರಬಹುದು. ಯಾವುದೆಂದು ತಿಳಿಯಲು ಕಳೆದ ಆರು ತಿಂಗಳಲ್ಲಿ ಸೇರಿದ ನೌಕರರೊಬ್ಬರಿಗೆ ಶುಕ್ರವಾರದಂತಹ ಪ್ರಕರಣವೊಂದನ್ನು ವಿವರಿಸಿ, ಮೌಲ್ಯಪತ್ರವನ್ನು ತೋರಿಸದೆ, ಇಲ್ಲಿ ಏನು ಮಾಡುತ್ತಾರೆಂದು ಕೇಳಬೇಕು. ಸರಿಯಾದ ಉತ್ತರ ಬಂದರೆ ವಾಕ್ಯವನ್ನು ಮುಟ್ಟದೆ ಬಿಡಬೇಕು. ಅವರು ‘ಮ್ಯಾನೇಜರನ್ನು ಕೇಳುತ್ತೇನೆ’ ಎಂದರೆ, ಆ ಸಾಲನ್ನು ಪುನಃ ಮೊದಲ ತಪಾಸಣೆಯಿಂದಲೇ ಆರಂಭಿಸಬೇಕು.